ಗಿರಾಕಿಯ ಮನೆಯಲ್ಲಿ ಸಾವಾದಾಗ: ಸಂತಾಪದ ಸಂದೇಶ, ಸದ್ದಿಲ್ಲದೆ ಮುಂದೂಡುವ ಬಾಕಿ ವ್ಯವಹಾರ

ಡಿಸೆಂಬರ್ ಬಂತೆಂದರೆ ತುಂಗಭದ್ರಾ ಅಚ್ಚುಕಟ್ಟಿನ ಭತ್ತವೆಲ್ಲ ಗಂಗಾವತಿ, ಕಾರಟಗಿ, ಸಿಂಧನೂರಿನ ಮಿಲ್ಲುಗಳ ಕಡೆ ಹರಿದುಬರುತ್ತದೆ. ಉದ್ರಿ, ಮುಂದಿನ ತಾರೀಖಿನ ಚೆಕ್ಕು, ಬಾಯಿಮಾತಿನ ಆರ್ಡರು ಎಲ್ಲವೂ ಹೆಚ್ಚಾಗುವುದು ಇದೇ ಹೊತ್ತಿನಲ್ಲಿ. ಆ ನಡುವೆ ಗಿರಾಕಿಯ ಮನೆಯಲ್ಲಿ ಒಂದು ಸಾವಾದರೆ ಏನು ಬರೆಯಬೇಕು, ಬಾಕಿ ಇರುವ ವ್ಯವಹಾರವನ್ನು ಏನು ಮಾಡಬೇಕು ಎಂಬುದು ಹಲವರಿಗೆ ತೋಚುವುದಿಲ್ಲ. ಕೆಲವರು ಸಂತಾಪದ ಜೊತೆಗೇ ‘ಪೇಮೆಂಟ್ ನಿಧಾನಕ್ಕೆ ಕೊಡಿ’ ಎಂದು ಬರೆದುಬಿಡುತ್ತಾರೆ. ಇನ್ನು ಕೆಲವರು ಏನೂ ಬರೆಯದೆ, ಗುಮಾಸ್ತನಿಗೂ ಹೇಳದೆ ಸುಮ್ಮನಿರುತ್ತಾರೆ. ಮೂರನೇ ದಿನ ವಸೂಲಿ ಹುಡುಗ ಆ ಮನೆಯ ಬಾಗಿಲಲ್ಲಿ ನಿಂತಿರುತ್ತಾನೆ.

ಎರಡಕ್ಕೂ ಕಾರಣ ಒಂದೇ. ಮುಂದೂಡುವ ಕೆಲಸ ನಡೆಯಬೇಕಾದದ್ದು ನಿಮ್ಮ ಅಂಗಡಿಯ ಒಳಗೆ, ಸಂದೇಶದಲ್ಲಿ ಅಲ್ಲ. ಇದನ್ನು ಒಂದು ಉದಾಹರಣೆ ಹಿಡಿದು ಕೊನೆಯವರೆಗೆ ನೋಡೋಣ.

ನೀವು ಗಂಗಾವತಿಯಲ್ಲಿ ಅಕ್ಕಿ ಚೀಲದ ವ್ಯಾಪಾರಿ ಎಂದಿಟ್ಟುಕೊಳ್ಳಿ. ಕಾರಟಗಿಯ ಮಿಲ್ ಮಾಲಕರೊಬ್ಬರು ನಿಮ್ಮ ಗಿರಾಕಿ. ಡಿಸೆಂಬರ್ 9ರ ಬೆಳಿಗ್ಗೆ ಅವರ ತಂದೆ ತೀರಿಕೊಂಡರು. ನಿಮ್ಮಿಬ್ಬರ ನಡುವೆ ನಾಲ್ಕು ಲೆಕ್ಕ ಬಾಕಿ ಇವೆ. ಹಿಂದಿನ ಲಾಟಿಗೆ ಅವರು ಕೊಟ್ಟ, ಡಿಸೆಂಬರ್ 12ರ ತಾರೀಖಿನ 1,80,000 ರೂಪಾಯಿ ಚೆಕ್ಕು ನಿಮ್ಮ ಹತ್ತಿರ ಇದೆ. ಪ್ರಿಂಟ್ ಆದ 25 ಕಿಲೋದ 10,000 ಪಿ.ಪಿ. ಚೀಲ ಕಳಿಸಲು ತಯಾರಿವೆ. ಹೊಸ ಬ್ರ್ಯಾಂಡಿನ 5,000 ಚೀಲಕ್ಕೆ ಡಿಸೈನ್ ಕಳಿಸಿದ್ದೀರಿ, ಅವರು ಒಪ್ಪಿಗೆ ಹೇಳಬೇಕು. ಮತ್ತೆ, ಅವರ ಮಿಲ್ಲಿಂದ ತಂದ ಅಕ್ಕಿಯ 22,000 ರೂಪಾಯಿಯನ್ನು ನೀವು ಅವರಿಗೆ ಕೊಡಬೇಕು.

ಬರೆಯುವ ಮೊದಲು ಖಚಿತ ಮಾಡಿಕೊಳ್ಳಿ

ಸುದ್ದಿ ಸಾಮಾನ್ಯವಾಗಿ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬರುತ್ತದೆ: ಹಾರ ಹಾಕಿದ ಫೋಟೊ, ಕೆಳಗೆ ಹೆಸರು, ಅಂತ್ಯಕ್ರಿಯೆಯ ಸಮಯ. ಅಡ್ಡಹೆಸರೊಂದನ್ನೇ ನೋಡಿ ‘ನಿಮ್ಮ ತಂದೆಯವರು’ ಎಂದು ಬರೆಯಬೇಡಿ. ಕೂಡು ಕುಟುಂಬದ ಮಿಲ್ಲುಗಳಲ್ಲಿ ಒಂದೇ ಅಡ್ಡಹೆಸರಿನ ದೊಡ್ಡಪ್ಪ, ಕಾಕಾ, ಅಣ್ಣ ಎಲ್ಲರೂ ಇರುತ್ತಾರೆ. ಬದುಕಿರುವ ತಂದೆಗೆ ಸಂತಾಪ ಬರೆದರೆ ಅದನ್ನು ಸರಿಪಡಿಸಲು ಬರುವುದಿಲ್ಲ. ಮಿಲ್ಲಿನ ಗುಮಾಸ್ತರಿಗೋ ಇಬ್ಬರಿಗೂ ಪರಿಚಯದ ಬ್ರೋಕರಿಗೋ ಒಂದು ಫೋನ್ ಮಾಡಿ ಮೂರು ವಿಷಯ ಕೇಳಿಕೊಳ್ಳಿ: ತೀರಿಕೊಂಡವರು ಇವರಿಗೆ ಏನಾಗಬೇಕು, ಮಣ್ಣು ಯಾವಾಗ ಎಲ್ಲಿ, ದಿನದ ಕಾರ್ಯ ಯಾವತ್ತು. ಮೂರನೆಯದು ಆಗಿನ್ನೂ ಗೊತ್ತಾಗಿರದಿದ್ದರೆ ಎರಡು ದಿನ ಬಿಟ್ಟು ಕೇಳಿ. ಮುಂದಿನ ಲೆಕ್ಕವೆಲ್ಲ ಆ ತಾರೀಖಿನ ಮೇಲೆ ನಿಲ್ಲುತ್ತದೆ.

ಇನ್ನೊಂದು ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ: ಚೆಕ್ಕಿನ ಮೇಲಿರುವ ಸಹಿ ಯಾರದು? ಮಗನ ಸಹಿಯಾದರೆ ಮುಂದೆ ಹೇಳುವ ಕ್ರಮ ಸಾಕು. ಫರ್ಮು ತೀರಿಕೊಂಡವರ ಒಬ್ಬರ ಹೆಸರಿನಲ್ಲೇ ಇದ್ದು, ಸಹಿಯೂ ಅವರದೇ ಆಗಿದ್ದರೆ ದಾರಿ ಬೇರೆ. ಅದನ್ನು ಕೊನೆಗೆ ಹೇಳಿದ್ದೇವೆ.

ಸಾವಿಗೆ ಯಾವ ಪದ

ನಮ್ಮ ಕಡೆಯ ಪೇಟೆಯಲ್ಲಿ ಲಿಂಗಾಯತರು, ಮುಸ್ಲಿಮರು, ಮಾರವಾಡಿಗಳು, ವೈಶ್ಯರು, ಕ್ಯಾಂಪುಗಳ ತೆಲುಗರು ಎಲ್ಲರೂ ಒಬ್ಬರಿಗೊಬ್ಬರು ಗಿರಾಕಿಗಳು. ‘ಲಿಂಗೈಕ್ಯರಾದರು’, ‘ಶಿವಾಧೀನರಾದರು’ ಎಂಬುದು ಲಿಂಗಾಯತರ ಮನೆಗೆ ಸರಿ. ಉಳಿದವರಿಗೆ ಬರೆದರೆ ಎಲ್ಲಿಂದಲೋ ನಕಲು ಮಾಡಿದ್ದು ಎಂದು ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಮುಸ್ಲಿಂ ಗಿರಾಕಿಗೆ ‘ಸದ್ಗತಿ’, ‘ಮೋಕ್ಷ’ ಬೇಡ. ‘ಅಲ್ಲಾಹನು ಅವರಿಗೆ ಜನ್ನತ್ ಕರುಣಿಸಲಿ, ನಿಮಗೆಲ್ಲ ಸಬರ್ ಕೊಡಲಿ’ ಎಂಬುದು ಇಲ್ಲಿನ ಬಳಕೆಯ ಮಾತೇ. ಸಂಶಯವಿದ್ದರೆ ‘ತೀರಿಕೊಂಡರು’ ಎನ್ನಿ. ಅದು ಎಲ್ಲರಿಗೂ ಸಲ್ಲುತ್ತದೆ, ಮರ್ಯಾದೆಯೂ ಇದೆ.

‘ತುಂಬು ಜೀವನ ನಡೆಸಿದರು’ ಎಂಬುದು ವಯಸ್ಸಾದವರಿಗೆ ಮಾತ್ರ. ಮಗನೋ ಸೊಸೆಯೋ ಹೋಗಿದ್ದರೆ ಆ ಸಾಲೂ ಬೇಡ, ‘ದೇವರ ಇಚ್ಛೆ’ಯೂ ಬೇಡ. ಅಂಥ ಸಾವಿಗೆ ‘ಏನು ಹೇಳಬೇಕೋ ತಿಳಿಯುತ್ತಿಲ್ಲ, ನಿಮ್ಮ ಜೊತೆ ಇದ್ದೇವೆ’ ಎಂದು ನಿಲ್ಲಿಸುವುದೇ ಸರಿ.

ಸಂದೇಶ ಬರೆಯುವುದು

ಸುದ್ದಿ ತಿಳಿದ ದಿನವೇ ಕಳಿಸಿ. ಫೋನ್ ಮಾಡುವುದಕ್ಕಿಂತ ಬರೆಯುವುದು ಮೇಲು, ಏಕೆಂದರೆ ಆ ದಿನ ಅವರ ಫೋನು ಅವರ ಕೈಯಲ್ಲಿ ಇರುವುದಿಲ್ಲ. ಮಗನ ಹತ್ತಿರ, ಅಳಿಯನ ಹತ್ತಿರ, ಬಂದ ಕರೆಗೆಲ್ಲ ಮಣ್ಣಿನ ಸಮಯ ಹೇಳುತ್ತಿರುವ ಸಂಬಂಧಿಯ ಹತ್ತಿರ ಇರುತ್ತದೆ. ಇದನ್ನು ನೆನಪಿಟ್ಟುಕೊಂಡರೆ ಸಂದೇಶದಲ್ಲಿ ಏನು ಇರಬಾರದು ಎಂಬುದು ತಾನಾಗಿ ತಿಳಿಯುತ್ತದೆ. ನೀವು ಬರೆದ ಸಾಲನ್ನು ಬೀಗರು, ನೆಂಟರು ಓದುತ್ತಾರೆ, ಕೆಲವೊಮ್ಮೆ ಗಟ್ಟಿಯಾಗಿ ಓದಿ ಹೇಳುತ್ತಾರೆ. ಅದರಲ್ಲಿ ರೂಪಾಯಿಯ ಅಂಕಿ ಇದ್ದರೆ ‘ಇವರಿಗೆ ಇಷ್ಟು ಸಾಲ ಇದೆಯಂತೆ’ ಎಂಬ ಮಾತು ಪಡಸಾಲೆಯಲ್ಲೇ ಹುಟ್ಟುತ್ತದೆ. ನೀವು ಒಳ್ಳೆಯ ಮನಸ್ಸಿನಿಂದಲೇ ‘ನಿಧಾನಕ್ಕೆ ಕೊಡಿ’ ಎಂದಿರಬಹುದು, ಅದರಿಂದ ಅವರಿಗೆ ಆಗುವುದು ಅವಮಾನ.

ನಾಲ್ಕು ಸಾಲು ಸಾಕು. ಮೊದಲನೆಯದರಲ್ಲಿ ಯಾರು ತೀರಿಕೊಂಡರು ಎಂಬ ಸುದ್ದಿ, ಎರಡನೆಯದರಲ್ಲಿ ತೀರಿಕೊಂಡವರ ಬಗ್ಗೆ ನೀವು ಕಂಡ ಒಂದು ನಿಜವಾದ ಸಂಗತಿ, ಮೂರನೆಯದರಲ್ಲಿ ಮನೆಯವರಿಗೆ ಧೈರ್ಯ, ನಾಲ್ಕನೆಯದರಲ್ಲಿ ನೀವು ಬರುವ ಮಾತು. ನಮ್ಮ ಉದಾಹರಣೆಗೆ ಹೀಗೆ:

> ಸಾವಕಾರ್ರೇ, ತಂದೆಯವರು ಲಿಂಗೈಕ್ಯರಾದ ಸುದ್ದಿ ಈಗ ತಿಳಿಯಿತು, ಬಹಳ ದುಃಖವಾಯಿತು. ಮಿಲ್ಲಿಗೆ ಬಂದಾಗಲೆಲ್ಲ ದೊಡ್ಡ ಸಾವಕಾರ್ರು ‘ಮೊದಲು ಊಟ ಮಾಡ್ರಿ, ಆಮೇಲೆ ಲೆಕ್ಕ’ ಅನ್ನುತ್ತಿದ್ದರು, ಅದು ಮರೆಯುವಂಥದ್ದಲ್ಲ. ಅವ್ವಾರಿಗೂ ನಿಮಗೆಲ್ಲರಿಗೂ ಈ ದುಃಖ ತಡೆಯುವ ಶಕ್ತಿಯನ್ನು ಶಿವ ಕೊಡಲಿ. ಮಣ್ಣಿಗೆ ಬರುತ್ತೇವೆ.

ಎರಡನೇ ಸಾಲಿಗೆ ಸ್ವಲ್ಪ ಹೊತ್ತು ಕೊಡಿ. ‘ಸರಳ ಸಜ್ಜನ’, ‘ತುಂಬಲಾರದ ನಷ್ಟ’ ಎಂಬುದನ್ನು ಆ ದಿನ ಆ ಫೋನಿಗೆ ನೂರಾರು ಮಂದಿ ಬರೆದಿರುತ್ತಾರೆ. ಅವರ ಅಪ್ಪ ತಕ್ಕಡಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದದ್ದು, ಹಮಾಲರಿಗೆ ಮೊದಲು ಚಹಾ ಹೇಳುತ್ತಿದ್ದದ್ದು, ಇಂಥ ಒಂದು ಸಂಗತಿ ಆಮೇಲೆ ಮಗ ಒಬ್ಬನೇ ಕುಳಿತು ಓದುವಾಗ ಮನಸ್ಸಿಗೆ ತಾಗುತ್ತದೆ. ನೀವು ಅವರನ್ನು ನೋಡೇ ಇಲ್ಲವಾದರೆ ಕಲ್ಪಿಸಿ ಬರೆಯಬೇಡಿ. ‘ನಿಮ್ಮ ಬಾಯಲ್ಲಿ ಅವರ ಮಾತು ಎಷ್ಟೋ ಸಲ ಕೇಳಿದ್ದೇವೆ’ ಎಂದರೆ ಸಾಕು, ಅದೂ ಕೇಳಿದ್ದರೆ ಮಾತ್ರ.

ವ್ಯವಹಾರದ ಬಗ್ಗೆ ಒಂದು ಸಾಲು ಸೇರಿಸಬೇಕೇ? ಹೆಚ್ಚಿನ ಸಂದರ್ಭದಲ್ಲಿ ಬೇಡ. ಒಂದೇ ಸನ್ನಿವೇಶದಲ್ಲಿ ಅದು ಉಪಕಾರ: ಮೂರ್ನಾಲ್ಕು ದಿನದೊಳಗೆ ಗಡುವು ಇದ್ದು, ಅದರ ಚಿಂತೆ ಅವರ ತಲೆಯಲ್ಲಿ ಇದ್ದೇ ಇರುತ್ತದೆ ಎಂದು ನಿಮಗೆ ಗೊತ್ತಿದ್ದಾಗ. ನಮ್ಮ ಉದಾಹರಣೆಯ ಚೆಕ್ಕು ಅಂಥದ್ದು. ಆಗಲೂ ಚೆಕ್ಕು, ಬಿಲ್ಲು, ಬಾಕಿ, ತಾರೀಖು ಎಂಬ ಒಂದು ಪದವೂ ಬರದ ಹಾಗೆ ಬರೆಯಬೇಕು:

> ಅಂಗಡಿ ಕಡೆಯ ಯಾವುದಕ್ಕೂ ಈಗ ಯೋಚನೆ ಮಾಡಬೇಡಿ. ದಿನ ಮುಗಿದ ಮೇಲೆ ನಾವೇ ಬರುತ್ತೇವೆ.

ಅವರಿಗೆ ಅರ್ಥವಾಗುತ್ತದೆ, ಪಕ್ಕದಲ್ಲಿ ಓದಿದವರಿಗೆ ಏನೂ ತಿಳಿಯುವುದಿಲ್ಲ. ಈ ಸಾಲನ್ನು ಸಂತಾಪದ ಸಂದೇಶಕ್ಕೆ ಅಂಟಿಸದೆ ಮಾರನೇ ದಿನ ಬೇರೆಯಾಗಿ ಕಳಿಸುವುದು ಇನ್ನೂ ಒಳ್ಳೆಯದು. ಮಣ್ಣಿಗೆ ಹೋದಾಗ ಬಾಯಿಂದ ಹೇಳುವುದಾದರೆ ಅವರ ಕಿವಿಗೆ ಮಾತ್ರ ಹೇಳಿ. ‘ಒಂದು ವಾರ ಬಿಟ್ಟು’, ‘ಹದಿನೈದಕ್ಕೆ’ ಎಂದು ಲೆಕ್ಕ ಹಾಕಿ ಬರೆದರೆ ಮುಂದೂಡಿದ ಹಾಗೆ ಆಗುವುದಿಲ್ಲ, ಹೊಸ ಗಡುವು ಕೊಟ್ಟ ಹಾಗೆ ಆಗುತ್ತದೆ.

ಸಂದೇಶವನ್ನು ನಿಮ್ಮ ಸ್ವಂತ ನಂಬರಿನಿಂದ, ನಿಮ್ಮ ಹೆಸರು ಹಾಕಿ ಕಳಿಸಿ. ಅಂಗಡಿಯ ಬಿಸಿನೆಸ್ ವಾಟ್ಸ್‌ಆ್ಯಪ್ ನಂಬರಿನಿಂದ ಕಳಿಸಿದರೆ ಮೇಲೆ ಲೋಗೊ ಕಾಣುತ್ತದೆ. ಅದಕ್ಕೆ ಅವರು ಕೈಮುಗಿದ ಗುರುತು ಕಳಿಸಿದ ಕೂಡಲೇ ‘ಸ್ವಾಗತ, ಇಂದಿನ ದರಪಟ್ಟಿಗಾಗಿ…’ ಎಂಬ ತಾನಾಗಿ ಹೋಗುವ ಉತ್ತರ ಹೋಗಿಬಿಡಬಹುದು. ಅವರ ಉತ್ತರಕ್ಕೆ ನೀವು ಮತ್ತೆ ಏನೂ ಬರೆಯಬೇಕಿಲ್ಲ.

ಅಂದಹಾಗೆ, ಒಂದೇ ತಾಲ್ಲೂಕಿನಲ್ಲಿ, ಪಕ್ಕದ ತಾಲ್ಲೂಕಿನಲ್ಲಿ ಇದ್ದವರಿಗೆ ಸಂದೇಶವು ಖುದ್ದಾಗಿ ಹೋಗುವುದಕ್ಕೆ ಬದಲಿ ಅಲ್ಲ. ಮಣ್ಣಿಗೆ ಆಗದಿದ್ದರೆ ದಿನಕ್ಕಿಂತ ಮೊದಲು ಒಮ್ಮೆ ಮಾತಾಡಿಸಿಕೊಂಡು ಬರಬೇಕು. ಕೆಲವು ಮನೆಗಳಲ್ಲಿ ಇಂಥ ವಾರ ಬರಬಾರದು ಎಂಬ ನಂಬಿಕೆ ಇರುತ್ತದೆ, ಗುಮಾಸ್ತರನ್ನು ಕೇಳಿಕೊಂಡು ಹೋಗಿ. ಹೋದಾಗ ಜೇಬಿನಲ್ಲಿ ಡೈರಿ ಬೇಡ, ಜೊತೆಗೆ ವಸೂಲಿ ಹುಡುಗ ಬೇಡ.

ಅಂಗಡಿಯೊಳಗೆ ಮಾಡಬೇಕಾದದ್ದು

ಸಂದೇಶ ಹೋದ ಅರ್ಧ ಗಂಟೆಯೊಳಗೆ ಈ ಕೆಲಸ ಆಗಬೇಕು. ನಾಲ್ಕು ಬಾಕಿಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಅವರಿಂದ ನಮಗೆ ಬರಬೇಕಾದದ್ದು ನಿಲ್ಲಲಿ. ನಮ್ಮಿಂದ ಅವರಿಗೆ ಹೋಗಬೇಕಾದದ್ದು ನಿಲ್ಲಬಾರದು. ಎಷ್ಟೋ ಜನ ಮರ್ಯಾದೆಯ ಹೆಸರಿನಲ್ಲಿ ಎರಡನ್ನೂ ನಿಲ್ಲಿಸುತ್ತಾರೆ. ಆಗ ಸೀಜನ್ನಿನಲ್ಲಿ ಮಿಲ್ಲಿಗೆ ಚೀಲ ಇಲ್ಲದೆ ಅಕ್ಕಿ ರಾಶಿ ಬೀಳುತ್ತದೆ, ಮನೆಯಲ್ಲಿ ಕುಳಿತವರಿಗೆ ಹೊಸದೊಂದು ತಲೆನೋವು ಬರುತ್ತದೆ.

ಮೊದಲು ಚೆಕ್ಕು. ಡಿಸೆಂಬರ್ 12ರಂದು ಬ್ಯಾಂಕಿಗೆ ಹಾಕಬೇಡಿ. ಚೆಕ್ಕಿಗೆ ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳು ಬಾಳಿಕೆ ಇದೆ, ಅಂದರೆ ಮಾರ್ಚ್ ಎರಡನೇ ವಾರದವರೆಗೆ. ಇನ್ನೂ ಹತ್ತು ಹದಿನೈದು ದಿನ ಇಟ್ಟುಕೊಂಡರೆ ನಿಮ್ಮ ಹಕ್ಕು ಎಲ್ಲಿಗೂ ಹೋಗುವುದಿಲ್ಲ. ಹಾಕಿದರೆ ಏನಾಗುತ್ತದೆ ನೋಡಿ: ಹೆಚ್ಚಿನ ವ್ಯಾಪಾರಸ್ಥರು ಚೆಕ್ಕಿನ ತಾರೀಖಿನ ಹಿಂದಿನ ಸಂಜೆ ಖಾತೆಗೆ ಹಣ ತುಂಬುತ್ತಾರೆ. 11ರ ಸಂಜೆ ಆ ಮನೆಯಲ್ಲಿ ಯಾರಿಗೂ ಅದರ ನೆನಪಿರುವುದಿಲ್ಲ, ಇದ್ದ ಹಣವನ್ನು ಮಣ್ಣಿನ ಖರ್ಚಿಗೆ ತೆಗೆದಿರುತ್ತಾರೆ. ಒಳ್ಳೆಯ ಗಿರಾಕಿಯ ಚೆಕ್ಕು ಬೌನ್ಸ್ ಆಗುತ್ತದೆ, ಬ್ಯಾಂಕು ಇಬ್ಬರಿಗೂ ದಂಡ ಹಾಕುತ್ತದೆ, ಅವರ ಖಾತೆಗೆ ಒಂದು ಕಪ್ಪುಚುಕ್ಕೆ ಉಳಿಯುತ್ತದೆ. ಚೆಕ್ಕನ್ನು ಮುಂಚೆಯೇ ಬ್ಯಾಂಕಿಗೆ ಕೊಟ್ಟು ಇಟ್ಟಿದ್ದರೆ ತಾರೀಖಿನ ಹಿಂದಿನ ದಿನವೇ ಶಾಖೆಗೆ ಹೋಗಿ ವಾಪಸ್ ತೆಗೆದುಕೊಳ್ಳಿ. ಕ್ಲಿಯರಿಂಗಿಗೆ ಹೋದ ಮೇಲೆ ನಿಲ್ಲಿಸಲು ಸಮಯ ಸಿಗುವುದಿಲ್ಲ. ತಿಳಿಯದೆ ಹಾಕಿ ಬೌನ್ಸ್ ಆಗಿಯೇ ಹೋದರೆ ವಕೀಲರ ನೋಟಿಸಿಗೆ ಕೈಹಾಕಬೇಡಿ. ಬಾಳಿಕೆಯ ಅವಧಿಯೊಳಗೆ ಅದೇ ಚೆಕ್ಕನ್ನು ಮತ್ತೆ ಹಾಕಲು ಬರುತ್ತದೆ.

ಈ ಹತ್ತು ಹದಿನೈದು ದಿನದ ಭಾರ ನಿಮ್ಮ ಮೇಲೆ ಎಷ್ಟು ಎಂಬುದನ್ನೂ ಲೆಕ್ಕ ಹಾಕಿ, ಆಗ ಮನಸ್ಸು ಹಗುರಾಗುತ್ತದೆ. ನೀವು 1,80,000 ರೂಪಾಯಿಯನ್ನು ಬ್ಯಾಂಕಿನ ಓಡಿಯಿಂದ ವರ್ಷಕ್ಕೆ ಶೇ. 12ರ ಬಡ್ಡಿಗೆ ಎತ್ತಿದರೂ 12 ದಿನಕ್ಕೆ ಬರುವ ಬಡ್ಡಿ ಸುಮಾರು 710 ರೂಪಾಯಿ. ಅದನ್ನು ಮುಂದೆ ಅವರ ಲೆಕ್ಕಕ್ಕೆ ಸೇರಿಸಬೇಡಿ. ನಿಮಗೂ ಆ ಹಣವಿಲ್ಲದೆ ನಡೆಯುವುದೇ ಇಲ್ಲ ಎಂಬ ಸ್ಥಿತಿ ಇದ್ದರೆ, ಮೂರು ದಿನ ಕಳೆದ ಮೇಲೆ ಮಿಲ್ಲಿನ ಲೆಕ್ಕ ನೋಡುವವರನ್ನು ಒಬ್ಬರನ್ನೇ ಕಂಡು, ಸ್ವಲ್ಪ ಭಾಗವಾದರೂ ಆದೀತೇ ಎಂದು ಕೇಳಿ. ಮಾಲಕರವರೆಗೆ ಒಯ್ಯಬೇಡಿ.

ಎರಡನೆಯದು ತಯಾರಿರುವ 10,000 ಚೀಲ. ಇದನ್ನು ಕಳಿಸಬೇಕು, ಆದರೆ ಅವರನ್ನು ಕೇಳದೆ. ಮಿಲ್ಲಿನ ಮ್ಯಾನೇಜರಿಗೆ ಫೋನ್ ಮಾಡಿ, ‘ಮಿಲ್ ಯಾವಾಗ ಶುರು ಮಾಡ್ತೀರಿ? ಚೀಲ ಇಳಿಸಾಕ ಹಮಾಲರು ಅದಾರೇನು?’ ಎಂದಷ್ಟೇ ಕೇಳಿ. ಮಿಲ್ಲು ಒಂದೆರಡು ದಿನ ಬಂದ್ ಇರಬಹುದು. ಶುರುವಾದ ದಿನ ಬೆಳಿಗ್ಗೆ ಗಾಡಿ ಕಳಿಸಿ. ಬಿಲ್ಲು ಗಾಡಿಯ ಜೊತೆ ಹೋಗಲೇಬೇಕು, ಅದು ಕಾನೂನು. ಆದರೆ ಡ್ರೈವರ್ ಕೈಯಲ್ಲಿ ಹಳೆ ಬಾಕಿಯ ಚೀಟಿ, ಸ್ಟೇಟ್‌ಮೆಂಟ್ ಕಳಿಸಬೇಡಿ. ಗಾಡಿ ಮಿಲ್ಲಿಗೆ ಹೋಗಲಿ. ಮನೆಯೂ ಮಿಲ್ಲೂ ಒಂದೇ ಆವರಣದಲ್ಲಿದ್ದರೆ ಹಾರ್ನ್ ಹೊಡೆಯದಂತೆ ಡ್ರೈವರಿಗೆ ಹೇಳಿ.

ಮೂರನೆಯದು, ಒಪ್ಪಿಗೆಗೆ ಕಾದಿರುವ 5,000 ಚೀಲದ ಡಿಸೈನ್. ಇದನ್ನು ಪೂರ್ತಿ ನಿಲ್ಲಿಸಿ. ಪ್ರಿಂಟಿಂಗ್‌ನವರಿಗೆ ಆ ಕೆಲಸ ಹಿಂದಕ್ಕೆ ಹಾಕಿ ಬೇರೆಯವರದ್ದನ್ನು ಮುಂದೆ ತರಲು ಹೇಳಿ. ‘ಮೊನ್ನೆ ಹೂಂ ಅಂದ ಹಾಗಿತ್ತು’ ಎಂದು ಒಪ್ಪಿಗೆ ಇಲ್ಲದೆ ಪ್ರಿಂಟ್ ಹೊಡೆಸುವುದು ದೊಡ್ಡ ತಪ್ಪಾಗುತ್ತದೆ. ತೀರಿಕೊಂಡ ತಂದೆಯ ಫೋಟೊವನ್ನೋ ಹೆಸರನ್ನೋ ಬ್ರ್ಯಾಂಡಿಗೆ ಹಾಕಬೇಕೆಂದು ಮನೆಯವರು ಆಮೇಲೆ ಬಯಸುವುದು ನಮ್ಮ ಕಡೆ ಅಪರೂಪವೇನಲ್ಲ.

ನಾಲ್ಕನೆಯದು ನೀವು ಕೊಡಬೇಕಾದ 22,000. ಅದನ್ನು ಗಡುವಿಗೆ ಮೊದಲೇ ಅವರ ಫರ್ಮಿನ ಖಾತೆಗೆ ಹಾಕಿಬಿಡಿ. ‘ಹಾಕಿದ್ದೇವೆ, ನೋಡಿ’ ಎಂದು ಮಾಲಕರಿಗೆ ಸ್ಕ್ರೀನ್‌ಶಾಟ್ ಬೇಡ, ಗುಮಾಸ್ತರಿಗೆ ಕಳಿಸಿ. ಅವರ ಚೆಕ್ಕಿಗೆ ಇದನ್ನು ವಜಾ ಹಾಕಿಕೊಳ್ಳುವ ಯೋಚನೆಯೂ ಈಗ ಬೇಡ.

ಇನ್ನು ನಿಮ್ಮ ಕಡೆಯ ಜನ. ಗುಮಾಸ್ತ, ವಸೂಲಿಗೆ ಹೋಗುವವನು, ಫೋನ್ ಎತ್ತುವವರು, ವ್ಯವಹಾರ ಕುದುರಿಸಿದ ಬ್ರೋಕರ್, ಈ ನಾಲ್ವರಿಗೂ ಒಂದೇ ಮಾತು ಹೇಳಿ: ‘ಈ ಪಾರ್ಟಿಗೆ ನಾನು ಹೇಳುವವರೆಗೂ ಫೋನ್ ಇಲ್ಲ, ಹೋಗುವುದಿಲ್ಲ.’ ಬ್ರೋಕರನ್ನು ಮರೆಯುವುದು ಹೆಚ್ಚು. ತನ್ನ ದಲಾಲಿಯ ಚಿಂತೆಯಲ್ಲಿ ನಿಮ್ಮ ಹೆಸರಿನಲ್ಲಿ ಅವನೇ ಒತ್ತಾಯ ಮಾಡಿಬಿಡುತ್ತಾನೆ. ಕಂಪ್ಯೂಟರಿನಿಂದ ತಾನಾಗಿ ಹೋಗುವ ಬಾಕಿ ನೆನಪೋಲೆ, ದಿನಾ ಬೆಳಿಗ್ಗೆ ಹೋಗುವ ದರಪಟ್ಟಿ, ಎರಡರಿಂದಲೂ ಅವರ ನಂಬರ್ ತೆಗೆಸಿ. ಜಿಎಸ್‌ಟಿ ಕೆಲಸ ಮಾತ್ರ ನಿಲ್ಲಿಸಬೇಡಿ. ಮಾಸಿಕವಾಗಿ ಸಲ್ಲಿಸುವವರಾದರೆ ನವೆಂಬರಿನ ಬಿಲ್ಲುಗಳನ್ನು ಡಿಸೆಂಬರ್ 11ರೊಳಗೆ ಜಿಎಸ್‌ಟಿಆರ್-1ರಲ್ಲಿ ತೋರಿಸಬೇಕು, ಇಲ್ಲವಾದರೆ ಅವರಿಗೆ ಸಿಗಬೇಕಾದ ತೆರಿಗೆ ಕ್ರೆಡಿಟ್ ತಡವಾಗುತ್ತದೆ. ಬಿಲ್ಲಿನಲ್ಲಿ ಏನಾದರೂ ಸಂಶಯವಿದ್ದರೆ ಅವರ ಲೆಕ್ಕಿಗರನ್ನು ಕೇಳಿ.

ಮತ್ತೆ ಶುರು ಮಾಡುವುದು ಯಾವಾಗ, ಹೇಗೆ

ಇಷ್ಟೇ ದಿನ ಎಂಬ ಒಂದೇ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಲಿಂಗಾಯತರಲ್ಲಿ ಶಿವಗಣಾರಾಧನೆ ಕೆಲವು ಮನೆಗಳಲ್ಲಿ ಬೇಗ, ಕೆಲವು ಮನೆಗಳಲ್ಲಿ ಹನ್ನೊಂದನೇ ದಿನ. ಬ್ರಾಹ್ಮಣರ ಮನೆಯಲ್ಲಿ ಹದಿಮೂರು ದಿನ ಕಳೆಯಬೇಕು. ಕ್ಯಾಂಪಿನ ತೆಲುಗರಲ್ಲಿ ಪೆದ್ದಕರ್ಮ ಮುಗಿಯಬೇಕು. ಮುಸ್ಲಿಮರಲ್ಲಿ ಮೂರನೇ ದಿನದ ಜಿಯಾರತ್ ಆದ ಮೇಲೆ ಗಂಡಸರು ಅಂಗಡಿಗೆ ಬರುವುದುಂಟು. ಆದರೆ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೇ ವ್ಯವಹಾರ ನೋಡುವವರಾಗಿದ್ದರೆ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಅವರನ್ನು ಕಾಣಲು ಹೋಗಬೇಡಿ, ಮನೆಯ ಗಂಡಸರ ಮೂಲಕ ಮಾತಾಡಿ. ಯಾರ ಮನೆಯೇ ಆಗಲಿ, ದಿನ ಮುಗಿದ ಮೇಲೆ ಇನ್ನೂ ಮೂರು ದಿನ ಬಿಡುವುದು ಒಳ್ಳೆಯದು. ದೂರದ ನೆಂಟರು ಹೋಗಿ, ಮನೆ ಒಂದು ಹದಕ್ಕೆ ಬರಲು ಅಷ್ಟು ಬೇಕು.

ನಮ್ಮ ಉದಾಹರಣೆಯಲ್ಲಿ ಹನ್ನೊಂದನೇ ದಿನವೆಂದರೆ ಡಿಸೆಂಬರ್ 19. ಹಾಗಾಗಿ ನಿಮ್ಮ ಡೈರಿಯ 23ನೇ ತಾರೀಖಿನ ಪುಟದಲ್ಲಿ ಆ ಫರ್ಮಿನ ಹೆಸರು ಬರೆದಿಡಿ. ಜೊತೆಗೆ ಜನವರಿ 10ರ ಪುಟದಲ್ಲೂ ಒಂದು ಗುರುತು ಹಾಕಿ. ಅಷ್ಟರೊಳಗೆ ಅವರಿಂದಲೂ ಮಾತಿಲ್ಲ, ನಿಮ್ಮಿಂದಲೂ ಮಾತಿಲ್ಲ ಎಂದಾದರೆ ನೀವೇ ಹೋಗಬೇಕಾದ ದಿನ ಅದು. ಈ ಎರಡನೇ ಗುರುತು ಇಲ್ಲದಿದ್ದರೆ ಮುಂದೂಡಿದ್ದು ಮರೆತೇ ಹೋಗಿ ಚೆಕ್ಕಿನ ಮೂರು ತಿಂಗಳು ಮುಗಿಯುತ್ತದೆ. ಆಮೇಲೆ ಹೊಸ ಚೆಕ್ಕು ಕೇಳುವುದು ಎಲ್ಲದಕ್ಕಿಂತ ಮುಜುಗರದ ಕೆಲಸ.

ಹೆಚ್ಚಿನ ಮಾಲಕರು ತಾವೇ ಬಾಯಿಬಿಡುತ್ತಾರೆ. ‘ಅದನ್ನ ಹಾಕಿಲ್ಲಲ್ಲ, ಹಾಕ್ರಿ’ ಎಂದು ಫೋನ್ ಬಂದರೆ ‘ಆಗಲಿ ರೀ’ ಎಂದಷ್ಟೇ ಹೇಳಿ ಹಾಕಿ. ಉಪಕಾರದ ಮಾತು ಎತ್ತಬೇಡಿ. ಬರದಿದ್ದರೆ 23ರಂದು ಮೊದಲ ಮಾತು ಹಣದ್ದಾಗದಿರಲಿ. ಅವರಿಗೆ ಸುಲಭವಾಗಿ ಉತ್ತರ ಕೊಡಲು ಬರುವ ಕೆಲಸದಿಂದ ಶುರು ಮಾಡಿ:

> ಸಾವಕಾರ್ರೇ, ನಮಸ್ಕಾರ. ಅವ್ವಾರು ಹೇಗಿದ್ದಾರೆ? ಹೊಸ ಚೀಲದ ಡಿಸೈನ್ ನಮ್ಮ ಹತ್ತಿರ ಹಾಗೇ ಇದೆ, ಅವಸರ ಏನಿಲ್ಲ. ನೀವು ಮಿಲ್ಲಿಗೆ ಬರುವ ದಿನ ಹೇಳಿದರೆ ಬಂದು ತೋರಿಸುತ್ತೇವೆ.

‘ಬರ್ರಿ’ ಎಂದು ದಿನ ಹೇಳಿದರೆ ಅವರು ಕೆಲಸಕ್ಕೆ ಮರಳಿದ್ದಾರೆ ಎಂದರ್ಥ. ಎದುರು ಕುಳಿತಾಗ ಡಿಸೈನ್ ಮಾತು ಮುಗಿದ ಮೇಲೆ ‘ಆ ಚೆಕ್ಕನ್ನ ಯಾವತ್ತು ಹಾಕೋಣ ಹೇಳ್ರಿ’ ಎಂದು ಕೇಳಿ. ತಾರೀಖು ಅವರೇ ಹೇಳಲಿ. ‘ಮ್ಯಾನೇಜರ್ ಹತ್ರ ಮಾತಾಡ್ರಿ’ ಎಂಬ ಉತ್ತರ ಬಂದರೆ ಇನ್ನೂ ಒಂದು ವಾರ ಬಿಡಿ. ಸಂದೇಶ ನೋಡಿಯೂ ಉತ್ತರ ಕೊಡದಿದ್ದರೆ ಮತ್ತೆ ಬರೆಯಬೇಡಿ, ಜನವರಿ 10ರವರೆಗೆ ಕಾದು ನೇರ ಹೋಗಿ.

ಅದರ ಬೆನ್ನಿಗೇ ಸಂಕ್ರಾಂತಿ ಬರುತ್ತದೆ. ತಂದೆ ಹೋದ ವರ್ಷ ಎಷ್ಟೋ ಮನೆಗಳಲ್ಲಿ ಹಬ್ಬ ಮಾಡುವುದಿಲ್ಲ. ಅಂಗಡಿಯಿಂದ ಎಲ್ಲರಿಗೂ ಹೋಗುವ ಎಳ್ಳುಬೆಲ್ಲದ ಚಿತ್ರ, ಯುಗಾದಿಯ ಶುಭಾಶಯ, ದೀಪಾವಳಿಯ ಸಿಹಿ ಡಬ್ಬಿ, ಇವುಗಳ ಪಟ್ಟಿಯಿಂದ ಆ ಹೆಸರನ್ನು ವರ್ಷದ ತಿಥಿ ಮುಗಿಯುವವರೆಗೆ ತೆಗೆದಿಡಿ.

ಸಹಿ ತೀರಿಕೊಂಡವರದೇ ಆಗಿದ್ದರೆ

ಫರ್ಮು ಅವರೊಬ್ಬರ ಹೆಸರಿನಲ್ಲಿದ್ದು ಚೆಕ್ಕಿಗೆ ಅವರೇ ಸಹಿ ಮಾಡಿದ್ದರೆ ಕಾಯುವುದರಿಂದ ಆ ಚೆಕ್ಕು ನಡೆಯುವುದಿಲ್ಲ. ಸಾವಿನ ಸುದ್ದಿ ತಿಳಿದ ಮೇಲೆ ಬ್ಯಾಂಕು ಅದನ್ನು ಪಾಸು ಮಾಡುವುದಿಲ್ಲ. ಸುದ್ದಿ ಬ್ಯಾಂಕಿಗೆ ಮುಟ್ಟುವ ಮೊದಲು ಓಡಿಹೋಗಿ ಹಾಕುವವರಿದ್ದಾರೆ. ಸಣ್ಣ ಊರಿನಲ್ಲಿ ಅದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ, ಆ ಮನೆಯ ಬಾಗಿಲು ನಿಮಗೆ ಮುಚ್ಚುತ್ತದೆ. ಚೆಕ್ಕು, ಬಿಲ್ಲಿನ ನಕಲು, ಚೀಲ ಇಳಿಸಿಕೊಂಡ ಸಹಿಯ ಚಲನ್, ಇವನ್ನು ಒಂದು ಕವರಿನಲ್ಲಿ ಹಾಕಿ ಜೋಪಾನವಾಗಿಡಿ. ಸಾಲ ಸಾವಿನೊಂದಿಗೆ ಅಳಿಯುವುದಿಲ್ಲ, ತೀರಿಕೊಂಡವರ ಆಸ್ತಿ ಪಡೆದ ವಾರಸುದಾರರು ಆ ಆಸ್ತಿಯ ಮಟ್ಟಿಗೆ ಹೊಣೆಗಾರರು. ಮರಣ ಪ್ರಮಾಣಪತ್ರ, ಬ್ಯಾಂಕ್ ಖಾತೆ, ಮಕ್ಕಳ ಹೆಸರಿಗೆ ಜಿಎಸ್‌ಟಿ ನೋಂದಣಿ, ಇದೆಲ್ಲ ಆಗಲು ವಾರಗಳು ಹಿಡಿಯುತ್ತವೆ. ಇಲ್ಲಿ ದಿನ ಮುಗಿದು ಒಂದು ತಿಂಗಳಾದ ಮೇಲೆ, ವ್ಯವಹಾರ ಯಾರು ವಹಿಸಿಕೊಂಡಿದ್ದಾರೆ ಎಂದು ತಿಳಿದುಕೊಂಡು, ಕವರನ್ನು ತೆಗೆದುಕೊಂಡು ಅವರ ಎದುರಿಗೆ ಕೂರಿ. ಅಲ್ಲಿಯವರೆಗೆ ಆ ಮಿಲ್ಲಿಗೆ ಕಳಿಸುವ ಹೊಸ ಚೀಲದ ಬಿಲ್ಲನ್ನು ಯಾರ ಹೆಸರಿಗೆ ಹಾಕಬೇಕೆಂದು ಅವರ ಲೆಕ್ಕಿಗರನ್ನು ಕೇಳಿಯೇ ಹಾಕಿ.